ಜುಲೈ, ಆಗಸ್ಟಿನ ಅರ್ಧ ಲೆಕ್ಕ

ನಮ್ಮ ಅಂಗಡಿಯಲ್ಲಿ ಸಿಗುವುದು ಗುಂಡಿ, ಜಿಪ್, ದಾರ, ಲೇಸು, ಲೈನಿಂಗ್ ಬಟ್ಟೆ. ಊರಿನ ದರ್ಜಿಗಳೆಲ್ಲ ನಮ್ಮ ಗಿರಾಕಿಗಳು. ನಾನು ಗುಂಡಿ ಕಡೆಯವನು. ನನ್ನ ಬೆನ್ನ ಹಿಂದಿನ ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳಿವೆ, ಯಾವುದರಲ್ಲಿ ಯಾವ ಗುಂಡಿ ಎಂದು ಕಣ್ಣು ಕಟ್ಟಿ ಕೇಳಿದರೂ ಹೇಳುತ್ತೇನೆ. ಅದಕ್ಕೇ ನನ್ನನ್ನು ಎಲ್ಲರೂ ಗುಂಡಿಯಣ್ಣ ಅನ್ನುತ್ತಾರೆ. ಇದು ನನ್ನ ಕಥೆಯಲ್ಲ. ನನ್ನ ಎಡಗಡೆ, ಗಾಜಿನ ಪೆಟ್ಟಿಗೆಯಂಥ ಗಲ್ಲಾದೊಳಗೆ ಇಪ್ಪತ್ತೆರಡು ವರ್ಷದಿಂದ ಕೂತಿರುವ ಲೆಕ್ಕದಕ್ಕನ ಕಥೆ.

ಲೆಕ್ಕದಕ್ಕನಿಗೆ ಐವತ್ತೊಂದು ವರ್ಷ. ಕಡ್ಡಿಯಂಥ ಮೈ, ಕೋಲಿನಂಥ ಮಾತು. ನೀವು ಅವಳ ಹತ್ತಿರ ಹತ್ತು ರೂಪಾಯಿ ಚಿಲ್ಲರೆ ಕೇಳಿ ನೋಡಿ, ಯಾಕೆ, ಏನು, ಯಾರಿಗೆ ಅಂತ ವಿಚಾರಣೆ ಮುಗಿಸದೆ ಕೊಟ್ಟರೆ ನನ್ನ ಹೆಸರು ಬದಲಾಯಿಸಿ. ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ತಂಗಿಗೆ ಐದು ವರ್ಷ, ಇವಳಿಗೆ ಹದಿನೆಂಟು. ಆ ತಂಗಿಯ ತಲೆ ಬಾಚಿ, ಶಾಲೆಗೆ ಕಳಿಸಿ, ಓದಿಸಿ, ಮದುವೆ ಮಾಡಿ, ಆ ಮದುವೆ ಮುರಿದು ಬಿದ್ದಾಗ ಮತ್ತೆ ಕೈಹಿಡಿದು ಮನೆಗೆ ಕರಕೊಂಡು ಬಂದವಳು ಇವಳೇ. ತಂಗಿಗೆ ಈಗ ಮೂವತ್ತೆಂಟು. ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿ, ಹಾಗಾಗಿ ನಮಗೆಲ್ಲರಿಗೂ ಪುಟ್ಟಿ. ಒಂದು ಓಣಿ ಆಚೆ ಬೇರೆ ಕೋಣೆ ಮಾಡಿಕೊಂಡಿದ್ದಾಳೆ, ಆದರೆ ರಾತ್ರಿ ಊಟ ಮಾತ್ರ ಅಕ್ಕತಂಗಿ ಒಟ್ಟಿಗೇ.

ಇಪ್ಪತ್ತೊಂದು ವರ್ಷ ನಮ್ಮ ಅಂಗಡಿಯ ಲೆಕ್ಕ ಕೆಂಪು ರಟ್ಟಿನ ಪುಸ್ತಕದಲ್ಲಿತ್ತು. ಈ ಜನವರಿಯಲ್ಲಿ ಯಜಮಾನರು ಕಂಪ್ಯೂಟರ್ ತಂದು ಅವಳ ಮುಂದೆ ಇಟ್ಟರು. ಒಂದು ವಾರ ಅತ್ತಳು. ಎರಡನೇ ವಾರ ಬೈದಳು. ಮೂರನೇ ವಾರ ನಾನು ಅದನ್ನು ಮುಟ್ಟಲು ಹೋದರೆ ಕೈಮೇಲೆ ಪಟ್ಟಂತ ಹೊಡೆದಳು. ಅಷ್ಟು ಹೊತ್ತಿಗೆ ಅದು ಅವಳದಾಗಿತ್ತು.

ಒಂದು ಬಿಲ್ಲಿಗೆ ಒಂದು ಸಾಲು. ದಿನಾಂಕ, ಬಿಲ್ ನಂಬರು, ಸರಕು, ಮೊತ್ತ. ದಿನಕ್ಕೆ ಐವತ್ತು ಅರವತ್ತು ಸಾಲು. ಸಂಜೆ ಕೊನೆಗೆ ಅವಳದೇ ಒಂದು ಸಾಲು: ಅವತ್ತಿನ ದಿನಾಂಕ, ಸರಕಿನ ಜಾಗದಲ್ಲಿ ‘ದಿನದ ಒಟ್ಟು’, ಮೊತ್ತದ ಜಾಗದಲ್ಲಿ ಅವತ್ತಿನ ಎಲ್ಲ ಬಿಲ್ಲುಗಳ ಮೊತ್ತ. ಆ ಸಾಲಿಗೆ ಹಳದಿ ಬಣ್ಣ. ಯಜಮಾನರು ಕೊಡೆ ಕೂಡ ಮಡಚದೆ ಗಲ್ಲಾದ ಹತ್ತಿರ ಬಂದು ಬಗ್ಗಿ ಆ ಹಳದಿ ಒಂದನ್ನು ನೋಡಿ, ‘ಆಯ್ತಮ್ಮ’ ಎಂದು ಹೋಗುತ್ತಿದ್ದರು. ನಮ್ಮ ಅಂಗಡಿಯಲ್ಲಿ ವ್ಯಾಪಾರವನ್ನು ದಿನದ ಮೇಲೆ ಲೆಕ್ಕ ಹಾಕುವುದೇ ರೂಢಿ. ತಿಂಗಳು ಅನ್ನುವ ಮಾತು ಬರುತ್ತಿದ್ದದ್ದು ಸಂಬಳದ ದಿನ ಮಾತ್ರ.

ಜುಲೈ ಒಂದರಂದು ಲೆಕ್ಕದಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ಎರಡು ತಿಂಗಳು ಮಂಚ ಬಿಟ್ಟು ಏಳಬಾರದು ಅಂದರು. ‘ನನ್ನ ಜಾಗಕ್ಕೆ ನನ್ನ ತಂಗಿ ಬರ್ತಾಳೆ, ಅವಳ ಜವಾಬ್ದಾರಿ ನಂದು’ ಎಂದು ಯಜಮಾನರಿಗೆ ಹೇಳಿ ಪುಟ್ಟಿಯನ್ನು ಗಲ್ಲಾದಲ್ಲಿ ಕೂರಿಸಿದಳು. ಪುಟ್ಟಿ ಎರಡು ತಿಂಗಳು ಕೂತಳು, ನಕ್ಕಳು, ದರ್ಜಿಗಳ ಜೊತೆ ಹರಟೆ ಹೊಡೆದಳು, ಆಗಸ್ಟ್ ಕೊನೆಗೆ ಎದ್ದು ಹೋದಳು. ಇಲ್ಲಿ ಕೂತಿದ್ದಳು ಅನ್ನುವ ಒಂದೇ ಮಾತಿನ ಮೇಲೆ ದೊಡ್ಡ ರಸ್ತೆಯ ಔಷಧಿ ಅಂಗಡಿಯಲ್ಲಿ ಅವಳಿಗೆ ಗಲ್ಲಾದ ಕೆಲಸ ಸಿಕ್ಕಿತು.

ಸೆಪ್ಟೆಂಬರ್ ಕೊನೆಯಲ್ಲಿ ಯಜಮಾನರು ಕುರ್ಚಿಯಲ್ಲಿ ಕೂತವರು ಕೂತಂತೆಯೇ ಹೋಗಿಬಿಟ್ಟರು. ಮಗನಿಗೆ ಬೇರೆ ನೌಕರಿ, ಅಂಗಡಿ ಸೊಸೆಯ ಕೈಗೆ ಬಂತು. ಸೊಸೆಯಮ್ಮ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದವರು, ಹೆದರಿದವರು. ಮಾವನಿಗೆ ಎಷ್ಟು ಸಾಲ, ಎಷ್ಟು ವ್ಯಾಪಾರ, ಏನೂ ಗೊತ್ತಿಲ್ಲದೆ ಒಂದು ಅಂಗಡಿ ತಲೆಮೇಲೆ ಬಿದ್ದರೆ ಯಾರಾದರೂ ಹೆದರುತ್ತಾರೆ. ನವೆಂಬರ್ ಮೊದಲ ವಾರ, ಒಂದು ಬುಧವಾರ ಬೆಳಿಗ್ಗೆ, ಅವರು ಗಲ್ಲಾದೊಳಗೆ ಬಂದು ಲೆಕ್ಕದಕ್ಕನ ಪಕ್ಕ ಸ್ಟೂಲು ಎಳೆದು ಕೂತರು.

‘ಹತ್ತು ತಿಂಗಳ ವ್ಯಾಪಾರ ತಿಂಗಳ ಲೆಕ್ಕದಲ್ಲಿ ಬೇಕು. ಬ್ಯಾಂಕಿನವರು ಕೇಳ್ತಿದಾರೆ.’

‘ಅಯ್ಯೋ, ಹದಿನೈದು ಸಾವಿರ ಸಾಲು ಇದೆ ಮೇಡಂ. ನಾಲ್ಕು ದಿನ ಕೊಡಿ, ಕೂಡಿ ಕೊಡ್ತೀನಿ.’

‘ನಾಲ್ಕು ನಿಮಿಷ ಸಾಕು. ಪಿವಟ್ ಟೇಬಲ್ ಅಂತ ಇದೆ, ಅದೇ ಕೂಡುತ್ತೆ.’

ಸೊಸೆಯಮ್ಮ ಅಕ್ಟೋಬರ್ ಕೊನೆಯವರೆಗಿನ ಪಟ್ಟಿಯನ್ನು ಆರಿಸಿ ಎಲ್ಲೋ ಒತ್ತಿದರು. ಹೊಸ ಖಾಲಿ ಹಾಳೆ ಬಂತು. ಬಲಗಡೆ ನಮ್ಮ ಪಟ್ಟಿಯ ತಲೆಬರಹಗಳೇ ಸಾಲಾಗಿ ನಿಂತಿದ್ದವು. ದಿನಾಂಕವನ್ನು ಎಳೆದು ಒಂದು ಚೌಕದಲ್ಲಿ ಬಿಟ್ಟರು, ಮೊತ್ತವನ್ನು ಎಳೆದು ಇನ್ನೊಂದರಲ್ಲಿ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಜನವರಿಯಿಂದ ಅಕ್ಟೋಬರಿನವರೆಗೆ ಹತ್ತು ಸಾಲು ಬಂದು ನಿಂತವು, ಪ್ರತಿ ತಿಂಗಳ ಮುಂದೆ ಅದರ ಮೊತ್ತ. ನಾನು ಈಚೆಯಿಂದ ಕತ್ತು ಉದ್ದ ಮಾಡಿ ನೋಡಿ, ‘ಅಬ್ಬಾ, ಇಷ್ಟು ದಿನ ಇದನ್ನ ಯಾಕೆ ಹೇಳಿಕೊಡಲಿಲ್ಲ’ ಅಂದೆ. ಯಾರೂ ನಗಲಿಲ್ಲ.

ಸೊಸೆಯಮ್ಮನ ಬೆರಳು ಪರದೆಯ ಮೇಲೆ ನಿಂತಿತ್ತು. ಜನವರಿ ಏಳು ಲಕ್ಷದ ಅರವತ್ತು ಸಾವಿರದ ಮೇಲೆ. ಮಾರ್ಚ್ ಏಳು ಎಂಬತ್ತು. ಜೂನ್ ಏಳು ಎಂಬತ್ತೆರಡು. ಜುಲೈ ಮೂರು ಲಕ್ಷದ ಎಂಬತ್ತೆಂಟು ಸಾವಿರ. ಆಗಸ್ಟ್ ಮೂರು ಎಪ್ಪತ್ತೊಂಬತ್ತು. ಸೆಪ್ಟೆಂಬರ್ ಮತ್ತೆ ಏಳು ಐವತ್ತರ ಮೇಲೆ.

‘ಜುಲೈ, ಆಗಸ್ಟ್ ಅಂಗಡಿ ಮುಚ್ಚಿತ್ತಾ?’

‘ಇಲ್ಲ ಮೇಡಂ,’ ಎಂದಳು ಲೆಕ್ಕದಕ್ಕ.

‘ಗಲ್ಲಾದಲ್ಲಿ ಯಾರಿದ್ರು ಆಗ?’

‘ನನ್ನ ತಂಗಿ,’ ಎಂದಳು. ಅವಳ ಮುಖದಿಂದ ರಕ್ತ ಇಳಿದುಹೋದದ್ದು ಗಾಜಿನ ಈಚೆಗಿದ್ದ ನನಗೇ ಕಾಣಿಸಿತು.

ಸೊಸೆಯಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದರು: ‘ಎರಡು ತಿಂಗಳಲ್ಲಿ ಏಳೂವರೆ ಲಕ್ಷಕ್ಕಿಂತ ಜಾಸ್ತಿ ಕಡಿಮೆ ಬಂದಿದೆ. ಶನಿವಾರ ಸಂಜೆವರೆಗೆ ಕಾಯ್ತೀನಿ. ಆಮೇಲೆ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕಾಗುತ್ತೆ. ಔಷಧಿ ಅಂಗಡಿಯವರಿಗೂ ತಿಳಿಸ್ಬೇಕಾಗುತ್ತೆ. ನನ್ನ ಜಾಗದಲ್ಲಿ ನೀವಿದ್ರೂ ಅದನ್ನೇ ಮಾಡ್ತಿದ್ರಿ.’

ಅವರು ಮಹಡಿಯ ಕೋಣೆಗೆ ಹೋದ ಮೇಲೆ ಲೆಕ್ಕದಕ್ಕ ಎರಡೂ ಕೈಯಿಂದ ಮೇಜು ಹಿಡಿದುಕೊಂಡು ಕೂತಿದ್ದಳು. ಒಬ್ಬ ದರ್ಜಿ ಬಂದು ಬಿಲ್ಲಿನ ದುಡ್ಡು ಚಾಚಿದ. ಅವಳು ತೆಗೆದುಕೊಂಡು ಚಿಲ್ಲರೆ ತಪ್ಪಾಗಿ ಕೊಟ್ಟಳು. ನಾನು ಇಲ್ಲಿ ಸೇರಿದ ಹದಿನಾರು ವರ್ಷದಲ್ಲಿ ನೋಡಿದ ಮೊದಲ ತಪ್ಪು ಅದು. ದರ್ಜಿಯೇ ಗಾಬರಿಯಾಗಿ ವಾಪಸ್ಸು ಕೊಟ್ಟ.

‘ಬರೆಯೋದು ಬಿಟ್ಟಿರ್ತಾಳೆ ಗುಂಡಿಯಣ್ಣ,’ ಎಂದಳು ಅವಳು. ‘ಕಂಪ್ಯೂಟರ್ ಹೊಸದು. ಅರ್ಧ ಬಿಲ್ಲು ಹತ್ತಿಸೋದು ಮರೆತಿರ್ತಾಳೆ. ಬಿಲ್ ಪುಸ್ತಕದಲ್ಲಿ ಕಾರ್ಬನ್ ಪ್ರತಿ ಇದೆಯಲ್ಲ, ತಾಳೆ ನೋಡೋಣ.’

ನನಗೂ ಅದೇ ಸರಿ ಅನಿಸಿತು. ಬುಧವಾರ ಮಧ್ಯಾಹ್ನದಿಂದ ಗುರುವಾರ ಸಂಜೆವರೆಗೆ, ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ನಾನು ಕಾರ್ಬನ್ ಪ್ರತಿ ಓದುವುದು, ಅವಳು ಪರದೆಯಲ್ಲಿ ಹುಡುಕುವುದು. ‘ನಾಲ್ಕು ಸಾವಿರದ ಹನ್ನೆರಡು, ಲೈನಿಂಗ್, ಮುನ್ನೂರ ನಲವತ್ತು.’ ‘ಇದೆ.’ ‘ಹದಿಮೂರು, ಜಿಪ್ಪು, ತೊಂಬತ್ತು.’ ‘ಇದೆ.’ ಮೊದಮೊದಲು ಅವಳು ‘ಇದೆ’ ಎನ್ನುವಾಗ ದನಿಯಲ್ಲಿ ಒಂದು ನಿರಾಸೆ ಇತ್ತು. ಆಮೇಲೆ ಅದು ಭಯವಾಯಿತು. ಒಂದಾದರೂ ಬಿಲ್ಲು ಬಿಟ್ಟುಹೋಗಿರಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಮೂರು ಸಾವಿರಕ್ಕೂ ಹೆಚ್ಚು ಬಿಲ್ಲು. ಒಂದೂ ಬಿಟ್ಟಿರಲಿಲ್ಲ. ಒಂದರ ಅಂಕಿಯೂ ತಪ್ಪಿರಲಿಲ್ಲ. ಪುಟ್ಟಿಯ ಲೆಕ್ಕ ಕನ್ನಡಿಯಷ್ಟು ಚೊಕ್ಕವಾಗಿತ್ತು.

ಚೊಕ್ಕವಾಗಿದ್ದದ್ದೇ ಕುತ್ತಾಯಿತು. ನಾನು ಮುಚ್ಚಿದ ಕೊನೆಯ ಪುಸ್ತಕವನ್ನು ಲೆಕ್ಕದಕ್ಕ ಉಳಿದವುಗಳ ಮೇಲೆ ಜೋಡಿಸಿದಳು. ಆಮೇಲೆ ಹೇಳಿದಳು, ‘ಹಾಗಾದ್ರೆ ಬಿಲ್ಲೇ ಬರೆದಿಲ್ಲ. ಇಬ್ಬರು ಬಂದ್ರೆ ಒಬ್ಬರಿಗೆ ಬಿಲ್ಲು, ಇನ್ನೊಬ್ಬರ ದುಡ್ಡು ಕೈಗೆ.’

‘ಏ, ಬಾಯ್ಮುಚ್ಚು,’ ಎಂದೆ ನಾನು. ‘ನಿನ್ನ ತಂಗಿ ಅವಳು.’

‘ಅದಕ್ಕೇ ಹೆದರಿಕೆ. ಅವಳನ್ನ ಹೀಗೆ ಬೆಳೆಸಿದ್ದು ನಾನೇ ಅಲ್ವಾ.’

ನೀವು ಕೇಳಬಹುದು. ನಮ್ಮ ಅಂಗಡಿಯ ವ್ಯಾಪಾರ ದಿನಕ್ಕೆ ಹದಿನೈದು ಸಾವಿರದ ಆಚೀಚೆ. ಅಂಗಡಿ ತೆರೆಯುವುದು ತಿಂಗಳಿಗೆ ಇಪ್ಪತ್ತಾರು ದಿನ. ಗುಣಿಸಿದರೆ ಎಷ್ಟು? ಶಾಲೆಗೆ ಹೋಗುವ ಮಗುವೂ ಹೇಳುತ್ತದೆ. ಲೆಕ್ಕದಲ್ಲೇ ತಲೆ ನರೆಸಿಕೊಂಡ ಅವಳೂ ಗುಣಿಸಲಿಲ್ಲ, ನಾನೂ ಗುಣಿಸಲಿಲ್ಲ. ಪರದೆಯ ಮೇಲೆ ಏಳು ಲಕ್ಷದ ಎಂಬತ್ತೆರಡು ಸಾವಿರ ಎಂದು ಕೊನೆಯ ಅಂಕಿಯವರೆಗೂ ಬರೆದು ತೋರಿಸಿದ್ದನ್ನು ನಂಬಿದೆವು. ಎರಡು ದಿನ ನನಗೆ ಊಟ ರುಚಿಸಿರಲಿಲ್ಲ, ಅವಳು ಮಧ್ಯಾಹ್ನದ ಡಬ್ಬಿಯನ್ನೇ ಬಿಚ್ಚಿರಲಿಲ್ಲ. ಹೆದರಿದ ತಲೆ ಬೇರೆ ಎಲ್ಲವನ್ನೂ ಯೋಚಿಸುತ್ತದೆ, ಹತ್ತಿರದ್ದನ್ನು ಬಿಟ್ಟು.

ಗುರುವಾರ ಅಂಗಡಿ ಮುಚ್ಚಿದ ಮೇಲೆ ಅವಳು ಪುಟ್ಟಿಯ ಕೋಣೆಗೆ ಹೋದಳು. ಒಬ್ಬಳೇ ಹೋಗಲು ಕಾಲು ಬರಲಿಲ್ಲವೆಂದು ನನ್ನನ್ನೂ ಕರೆದಳು. ನಾನು ಹೋಗಬಾರದಿತ್ತು. ಬಾಗಿಲ ಹತ್ತಿರವೇ ಗೋಡೆಗೊರಗಿ ನಿಂತೆ. ಪುಟ್ಟಿ ಬಟ್ಟೆ ಮಡಚುತ್ತಿದ್ದಳು. ಅಕ್ಕನನ್ನು ನೋಡಿ, ‘ಏನೇ ಇದು, ದೆವ್ವ ಹೊಡೆದ ಹಾಗೆ ಬಂದಿದ್ದೀಯಾ’ ಎಂದು ನಕ್ಕಳು.

‘ಪುಟ್ಟೀ, ನಿಜ ಹೇಳು. ಎಷ್ಟು ತಗೊಂಡೆ?’

‘ಏನನ್ನ?’

‘ಗಲ್ಲಾದಿಂದ. ಎರಡು ತಿಂಗಳಲ್ಲಿ ಅರ್ಧಕ್ಕರ್ಧ ವ್ಯಾಪಾರ ಇಲ್ಲ. ಶನಿವಾರ ಪೊಲೀಸು ಅಂತಿದಾರೆ. ಏನಾದ್ರೂ ಕಷ್ಟ ಇತ್ತಾ? ಯಾರಾದ್ರೂ ಹೆದರಿಸ್ತಿದ್ರಾ? ನಂಗೆ ಹೇಳ್ಬಹುದಿತ್ತಲ್ಲ. ಈಗ್ಲಾದ್ರೂ ಹೇಳು, ನಾನು ತುಂಬಿಕೊಡ್ತೀನಿ.’

ಪುಟ್ಟಿಯ ಕೈಯಲ್ಲಿ ಅರ್ಧ ಮಡಚಿದ ಟವೆಲ್ ಇತ್ತು. ಅದನ್ನು ಪೂರ್ತಿ ಮಡಚಿದಳು, ಮಂಚದ ಮೇಲಿಟ್ಟಳು. ‘ನಾನು ತಗೊಂಡಿಲ್ಲ ಅಂದ್ರೆ?’ ಎಂದು ಕೇಳಿದಳು.

‘ಲೆಕ್ಕ ಸುಳ್ಳು ಹೇಳಲ್ಲ ಪುಟ್ಟಿ,’ ಎಂದಳು ಅಕ್ಕ.

ಪುಟ್ಟಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಆ ಒಂದು ಗಳಿಗೆಗೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ. ‘ಮನೆಗೆ ಹೋಗಕ್ಕ, ಹೊತ್ತಾಯ್ತು’ ಎಂದಳು ಪುಟ್ಟಿ. ಅಷ್ಟೇ. ಅವತ್ತು ಇಬ್ಬರೂ ಒಟ್ಟಿಗೆ ಊಟ ಮಾಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಪುಟ್ಟಿ ಅಂಗಡಿಗೆ ಬಂದಳು. ನಮ್ಮಿಬ್ಬರ ಮುಂದೆಯೇ ಹಾದು ಮಹಡಿ ಹತ್ತಿದಳು. ಹತ್ತು ನಿಮಿಷಕ್ಕೆ ಇಳಿದು ಹೋದಳು. ಹಿಂದೆಯೇ ಸೊಸೆಯಮ್ಮ ಒಂದು ಕಾಗದ ಹಿಡಿದು ಬಂದರು.

‘ನಿಮ್ಮ ತಂಗಿ ಒಪ್ಪಿಕೊಂಡು ಬರೆದುಕೊಟ್ಟಿದಾರೆ. ದುಡ್ಡು ತಾನೇ ತಗೊಂಡದ್ದು, ಅಕ್ಕನಿಗೆ ಏನೂ ಗೊತ್ತಿಲ್ಲ, ಸಂಬಳದಲ್ಲಿ ತೀರಿಸ್ತೀನಿ, ಅಕ್ಕನ ಕೆಲಸ ತೆಗೀಬೇಡಿ ಅಂತ. ಇಷ್ಟು ದೊಡ್ಡ ಮೊತ್ತ ಸಂಬಳದಲ್ಲಿ ತೀರೋದಲ್ಲ. ನಾಳೆ ನಮ್ಮನೆಯವ್ರು ವಕೀಲರನ್ನ ಕರ್ಕೊಂಡು ಬರ್ತಾರೆ. ಕಂಪ್ಲೇಂಟ್ ಜೊತೆ ಈ ಕಾಗದಾನೂ ಹೋಗುತ್ತೆ. ನನ್ನ ಕೈಲಿ ಏನಿಲ್ಲ ಈಗ.’

ಲೆಕ್ಕದಕ್ಕ ಕಾಗದ ಮುಟ್ಟಲಿಲ್ಲ. ದೂರದಿಂದಲೇ ತಂಗಿಯ ಸಹಿ ನೋಡಿದಳು. ‘ನೋಡಿದ್ಯಾ ಗುಂಡಿಯಣ್ಣ, ನಾ ಹೇಳಲಿಲ್ವಾ’ ಎಂದಳು. ಆಮೇಲೆ ಹಿತ್ತಿಲ ಕಡೆ ಹೋಗಿ ಮುಖ ತೊಳೆದುಕೊಂಡು ಬಂದು ಗಲ್ಲಾದಲ್ಲಿ ಕೂತಳು. ನಾನು ನೀರು ಕೊಟ್ಟೆ.

ಶನಿವಾರ ಬೆಳಿಗ್ಗೆ ಅವಳು ನನಗಿಂತ ಮೊದಲೇ ಬಂದು ಬಾಗಿಲ ಮುಂದೆ ನಿಂತಿದ್ದಳು. ಕೈಚೀಲದಲ್ಲಿ ಬ್ಯಾಂಕಿನ ಪಾಸ್‌ಬುಕ್ಕು, ಮನೆಯ ಪತ್ರ. ವಕೀಲರು ಬರುವುದು ನಾಲ್ಕು ಗಂಟೆಗೆ. ಅಷ್ಟರೊಳಗೆ ಸರಿಯಾಗಿ ಎಷ್ಟು ಕಡಿಮೆ ಬಿದ್ದಿದೆ ಎಂದು ರೂಪಾಯಿವರೆಗೂ ತೆಗೆದು, ಇದ್ದದ್ದೆಲ್ಲ ಸೊಸೆಯಮ್ಮನ ಮುಂದಿಟ್ಟು, ಕಾಲು ಹಿಡಿಯುವುದು ಅವಳ ಯೋಚನೆ. ಜೂನ್ ತಿಂಗಳಲ್ಲಿ ಯಾವ ಸರಕು ಎಷ್ಟು ಹೋಗಿತ್ತು, ಜುಲೈಯಲ್ಲಿ ಎಷ್ಟು ಹೋಯಿತು ಎಂದು ಹೋಲಿಸಬೇಕಿತ್ತು.

‘ಮೇಡಂ ಬುಧವಾರ ಹೋಗೋ ಮುಂಚೆ ಹೇಳಿದ್ರು. ತಿಂಗಳ ಅಂಕಿ ಮೇಲೆ ಎರಡು ಸಲ ಒತ್ತಿದ್ರೆ, ಅದರೊಳಗೆ ಯಾವ್ಯಾವ ಸಾಲು ಸೇರಿದಾವೋ ಅಷ್ಟನ್ನೂ ಬೇರೆ ಹಾಳೆಯಲ್ಲಿ ಬಿಚ್ಚಿ ತೋರಿಸುತ್ತಂತೆ,’ ಎಂದಳು. ಜೂನಿನ ಏಳು ಲಕ್ಷದ ಎಂಬತ್ತೆರಡು ಸಾವಿರದ ಮೇಲೆ ಎರಡು ಸಲ ಒತ್ತಿದಳು. ಹೊಸ ಹಾಳೆ ತೆರೆಯಿತು. ಸಾವಿರದೈನೂರು ಸಾಲಿನ ಮೇಲೆ. ಈ ಹಾಳೆಯಲ್ಲಿ ಅವಳು ಬಳಿದ ಬಣ್ಣಗಳು ಯಾವುವೂ ಬಂದಿರಲಿಲ್ಲ, ಎಲ್ಲ ಸಾಲೂ ಒಂದೇ ಥರ.

‘ದೊಡ್ಡ ಮೊತ್ತದ್ದು ಮೇಲೆ ಬರೋ ಹಾಗೆ ಮಾಡು,’ ಎಂದೆ. ‘ದೊಡ್ಡ ಗಿರಾಕಿಗಳು ಯಾರ್ಯಾರು ಅಂತ ನಂಗೆ ನೆನಪಿರುತ್ತೆ. ಅವರು ಜುಲೈಯಲ್ಲಿ ಬಂದಿದ್ರಾ ಇಲ್ವಾ ಹೇಳ್ತೀನಿ.’

ಅವಳು ಹಾಗೆ ಮಾಡಿದಳು. ನಾನು ಕನ್ನಡಕ ಹಾಕಿಕೊಂಡು ಮೇಲಿನಿಂದ ಓದಿದೆ. ಹದಿನೇಳು ಸಾವಿರದ ಇನ್ನೂರು. ಹದಿನಾರು ಸಾವಿರದ ಒಂಬೈನೂರು. ಹದಿನಾರು ಸಾವಿರದ ನಾನೂರು. ನನಗೆ ತಲೆಬುಡ ಹತ್ತಲಿಲ್ಲ. ನಮ್ಮ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವವನು ಒಂದೇ ಸಲಕ್ಕೆ ಮೂರು ಸಾವಿರದ ಸರಕು ಒಯ್ದರೆ ಅವನಿಗೆ ಚಹಾ ತರಿಸುತ್ತೇವೆ.

‘ಅಕ್ಕಾ, ಹದಿನೇಳು ಸಾವಿರಕ್ಕೆ ಗುಂಡಿ ತಗೊಂಡವನು ಯಾವನು? ನಾನಂತೂ ಮಾರಿಲ್ಲ.’

‘ಬಿಲ್ ನಂಬರ್ ನೋಡು.’

‘ಇಲ್ಲವಲ್ಲ. ಖಾಲಿ ಇದೆ. ಇದಕ್ಕೂ ಖಾಲಿ. ಇದಕ್ಕೂ.’

ಅವಳು ನನ್ನನ್ನು ಪಕ್ಕಕ್ಕೆ ತಳ್ಳಿದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಬೆರಳಿಟ್ಟು ಒಂದೊಂದೇ ಎಣಿಸಿದಳು. ಇಪ್ಪತ್ತಾರು. ಇಪ್ಪತ್ತಾರರ ಎದುರಿಗೂ ಸರಕಿನ ಜಾಗದಲ್ಲಿ ಒಂದೇ ಮಾತು: ದಿನದ ಒಟ್ಟು. ಇಪ್ಪತ್ತೇಳನೆಯ ಸಾಲು ಎರಡು ಸಾವಿರದ ಎಂಟುನೂರರ ಲೈನಿಂಗ್ ಬಟ್ಟೆ, ಅಲ್ಲಿಂದ ಕೆಳಗೆ ನಮ್ಮ ಮಾಮೂಲಿ ಬಿಲ್ಲುಗಳು.

ನಾನು ಇನ್ನೂ ಬಾಯಿ ತೆರೆದುಕೊಂಡೇ ನಿಂತಿದ್ದೆ. ಅವಳು ಆಗಲೇ ಜುಲೈಯ ಅಂಕಿಯನ್ನು ಬಿಚ್ಚಿದ್ದಳು. ಅಲ್ಲಿ ದಿನದ ಒಟ್ಟು ಅನ್ನುವ ಸಾಲು ಒಂದೂ ಇರಲಿಲ್ಲ.

‘ನನ್ನ ಸಾಲು,’ ಎಂದಳು. ‘ನಾನು ಬರೆದ ಸಾಲು. ಇದು ಅದನ್ನೂ ವ್ಯಾಪಾರ ಅಂತಾನೇ ಕೂಡಿದೆ. ಬಿಲ್ಲುಗಳನ್ನೂ ಕೂಡಿದೆ, ಬಿಲ್ಲುಗಳ ಒಟ್ಟನ್ನೂ ಕೂಡಿದೆ. ಎಲ್ಲ ಎರಡೆರಡು ಸಲ. ಪುಟ್ಟಿ ಈ ಸಾಲು ಬರೀಲೇ ಇಲ್ಲ. ಪುಟ್ಟಿದೇ ಸರಿ. ಪುಟ್ಟಿದೊಂದೇ ಸರಿ.’

ಪುಟ್ಟಿ ಯಾಕೆ ಬರೆಯಲಿಲ್ಲ ಅನ್ನುವುದು ಆಗ ನನಗೆ ನೆನಪಾಯಿತು. ಅವಳು ಸಂಜೆ ಅವತ್ತಿನ ಮೊತ್ತಗಳನ್ನು ಮೇಲಿನಿಂದ ಕೆಳಗೆ ಆರಿಸಿ ಹಿಡಿದರೆ ಪರದೆಯ ಅಡಿಯಲ್ಲಿ ಒಟ್ಟು ತಾನಾಗಿಯೇ ಕಾಣುತ್ತಿತ್ತು. ಅದನ್ನೇ ಓದಿ ಯಜಮಾನರಿಗೆ ಕೂಗಿ ಹೇಳುತ್ತಿದ್ದಳು. ಅವರು ‘ಆಯ್ತಮ್ಮ’ ಎಂದು ಹೋಗುತ್ತಿದ್ದರು. ಇದು ನನ್ನ ಕಣ್ಣೆದುರೇ ಎರಡು ತಿಂಗಳು ನಡೆದಿತ್ತು. ಗುರುವಾರ ಅವಳು ನನ್ನ ಕಡೆ ನೋಡಿದಾಗ ನನ್ನ ಬಾಯಲ್ಲಿ ಒಂದಕ್ಷರ ಬರಲಿಲ್ಲ.

ಲೆಕ್ಕದಕ್ಕ ಮಹಡಿಗೆ ಓಡಿದಳು. ಆಪರೇಷನ್ ಆದ ಹೆಂಗಸು, ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಸೊಸೆಯಮ್ಮ ಕೆಳಗೆ ಬಂದರು, ನೋಡಿದರು, ಮೊದಲು ನಂಬಲಿಲ್ಲ. ಪಿವಟ್ ಟೇಬಲಿನಲ್ಲಿ ಸರಕು ಎಂಬ ತಲೆಬರಹವನ್ನು ಎಳೆದು ಸೋಸುವ ಚೌಕದಲ್ಲಿ ಬಿಟ್ಟು, ‘ದಿನದ ಒಟ್ಟು’ ಎಂಬುದರ ಮುಂದಿನ ಗುರುತನ್ನು ತೆಗೆದರು. ಅಂಕಿಗಳೆಲ್ಲ ಒಮ್ಮೆಗೇ ಕುಸಿದವು. ಜೂನ್ ಮೂರು ಲಕ್ಷದ ತೊಂಬತ್ತೊಂದು ಸಾವಿರ. ಜುಲೈ ಅದೇ ಮೂರು ಎಂಬತ್ತೆಂಟು, ಕದಲಲಿಲ್ಲ. ಆಗಸ್ಟ್ ಮೂರು ಎಪ್ಪತ್ತೊಂಬತ್ತು, ಅದೂ ಕದಲಲಿಲ್ಲ. ಹತ್ತು ತಿಂಗಳೂ ಅಣ್ಣತಮ್ಮಂದಿರಂತೆ ಒಂದೇ ಎತ್ತರಕ್ಕೆ ನಿಂತವು.

ಸೊಸೆಯಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. ಅವರ ಅಂಗಡಿ ಒಂದೇ ಗಳಿಗೆಯಲ್ಲಿ ಅರ್ಧವಾಗಿ ಹೋಗಿತ್ತು, ಆದರೂ ಅವರು ಮೊದಲು ಹೇಳಿದ್ದು, ‘ಅಯ್ಯೋ, ಆ ಹುಡುಗಿ ಸಹಿ ಹಾಕಿಬಿಟ್ಲಲ್ಲ’ ಎಂದು. ಕಾಗದ ತರಿಸಿ ನಮ್ಮೆದುರೇ ಚೂರುಚೂರು ಮಾಡಿದರು. ವಕೀಲರಿಗೆ ಬರಬೇಡಿ ಎಂದು ಫೋನು ಮಾಡಿದರು. ‘ನಾನೂ ಬರ್ತೀನಿ, ಕ್ಷಮೆ ಕೇಳ್ತೀನಿ’ ಎಂದರು. ‘ಮೊದಲು ನಾನು ಹೋಗ್ತೀನಿ ಮೇಡಂ’ ಎಂದಳು ಲೆಕ್ಕದಕ್ಕ.

ಈ ಸಲವೂ ನಾನು ಜೊತೆಗೆ ಹೋದೆ, ಈ ಸಲ ನಾನಾಗಿಯೇ. ಅವಳು ದಾರಿಯುದ್ದಕ್ಕೂ ಅಳುತ್ತ ನಗುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಹನ್ನೊಂದು ಗಂಟೆಯ ಜನ. ಪುಟ್ಟಿ ಗಲ್ಲಾದ ಹಿಂದೆ ನಿಂತು ಮುದುಕರೊಬ್ಬರಿಗೆ ಚಿಲ್ಲರೆ ಎಣಿಸುತ್ತಿದ್ದಳು. ಕಣ್ಣಡಿಯಲ್ಲಿ ಕಪ್ಪು. ಲೆಕ್ಕದಕ್ಕ ಜನರನ್ನು ಸರಿಸಿಕೊಂಡು ನುಗ್ಗಿದಳು.

‘ಪುಟ್ಟೀ, ತಪ್ಪು ನಿಂದಲ್ಲ ಕಣೇ! ಒಂದು ಪೈಸೆ ಎಲ್ಲೂ ಹೋಗಿಲ್ಲ! ನಾನು ಬರೆದ ಒಟ್ಟಿನ ಸಾಲನ್ನ ಅದು ವ್ಯಾಪಾರ ಅಂತ ಕೂಡಿಬಿಟ್ಟಿತ್ತು. ಕಾಗದ ಹರಿದು ಹಾಕಿದ್ರು. ಎಲ್ಲ ಮುಗೀತು.’

ಪುಟ್ಟಿ ಮುದುಕರಿಗೆ ಚಿಲ್ಲರೆ ಕೊಟ್ಟಳು. ಔಷಧಿಯ ಚೀಲ ಕೊಟ್ಟಳು. ಆಮೇಲೆ ಅಕ್ಕನನ್ನು ನೋಡಿದಳು.

‘ಮಾಡದೇ ಇದ್ದದ್ದಕ್ಕೆ ಯಾಕೆ ಸಹಿ ಹಾಕಿದ್ಯೇ, ಹುಚ್ಚೀ?’ ಎಂದಳು ಲೆಕ್ಕದಕ್ಕ.

‘ಮೇಡಂ ಕೇಳಿದ್ರೆ ಇಲ್ಲ ಅಂತಿದ್ದೆ. ಪೊಲೀಸು ಕೇಳಿದ್ರೂ ಇಲ್ಲ ಅಂತಿದ್ದೆ,’ ಎಂದಳು ಪುಟ್ಟಿ. ದನಿ ಎತ್ತಲಿಲ್ಲ. ‘ನೀನೇ ಬಂದು ಎಷ್ಟು ತಗೊಂಡೆ ಅಂತ ಕೇಳಿದೆ. ತಗೊಂಡ್ಯಾ ಅಂತಾನೂ ಕೇಳಲಿಲ್ಲ. ಎಷ್ಟು ಅಂತ ಕೇಳಿದೆ. ಇನ್ಯಾರಿಗೆ ಇಲ್ಲ ಅಂತ ಹೇಳ್ಲಿ ಅಕ್ಕ? ನಿನ್ನ ಕೆಲಸ ಆದ್ರೂ ಉಳೀಲಿ ಅಂದ್ಕೊಂಡೆ.’

ಹಿಂದಿನಿಂದ ಯಾರೋ ‘ಸ್ವಲ್ಪ ಬೇಗ’ ಎಂದರು. ಲೆಕ್ಕದಕ್ಕ ಕೌಂಟರಿನ ಅಂಚು ಹಿಡಿದಿದ್ದಳು. ನಾಲ್ಕು ದಿನದಿಂದ ಆ ಮುಖದಲ್ಲಿ ಹೆದರಿಕೆ ನೋಡಿ ನೋಡಿ ನನಗೆ ಅಭ್ಯಾಸವಾಗಿತ್ತು ಅಂದುಕೊಂಡಿದ್ದೆ. ಈಗ ಕಂಡದ್ದನ್ನು ನೋಡಲಾರದೆ ನಾನು ಔಷಧಿ ಡಬ್ಬಿಗಳ ಕಡೆ ಮುಖ ತಿರುಗಿಸಿದೆ.

‘ರಾತ್ರಿ ಊಟಕ್ಕೆ ಬರ್ತೀಯಲ್ಲ?’ ಎಂದು ಕೊನೆಗೆ ಕೇಳಿದಳು.

‘ಇವತ್ತು ಬೇಡಕ್ಕ. ಬರೋ ದಿನ ನಾನೇ ಫೋನ್ ಮಾಡ್ತೀನಿ,’ ಎಂದಳು ಪುಟ್ಟಿ, ಮುಂದಿನವರ ಚೀಟಿ ತೆಗೆದುಕೊಳ್ಳುತ್ತ.

ಇದಾಗಿ ಒಂದೂವರೆ ತಿಂಗಳಾಯಿತು. ಪುಟ್ಟಿ ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾಳೆ, ಅಕ್ಕನ ಹೊಟ್ಟೆಯ ನೋವು ಹೇಗಿದೆ ಎಂದು ನನ್ನನ್ನು ವಿಚಾರಿಸುತ್ತಾಳೆ. ಅಂಗಡಿಯ ಫೋನು ರಿಂಗಾದರೆ ಲೆಕ್ಕದಕ್ಕ ಮೊದಲ ಗಂಟೆ ಮುಗಿಯುವುದರೊಳಗೆ ಎತ್ತುತ್ತಾಳೆ. ಯಾರೋ ದರ್ಜಿ ಬಿಳಿ ಜಿಪ್ ಬಂತಾ ಎಂದು ಕೇಳುತ್ತಾನೆ. ಅವಳು ‘ಬಂದಿದೆ, ಬನ್ನಿ’ ಎಂದು ಹೇಳಿ ಇಡುತ್ತಾಳೆ.